ಎಲ್ಲಾ ಇರೋ ದೊಡ್ಡಪ್ಪನಿಗೆ ಏನು ಕೊಡೋದು?

"ನಮ್ಮ ದೊಡ್ಡಪ್ಪನಿಗೆ 70 ತುಂಬ್ತಿದೆ, ಭೀಮರಥ ಶಾಂತಿ ಇಟ್ಕೊಂಡಿದಾರೆ. ದುಡ್ಡಿಗೆ ಏನೂ ಕಮ್ಮಿ ಇಲ್ಲ, ಏನು ಕೊಟ್ರೂ ಬೀರು ಸೇರುತ್ತೆ. ಆದ್ರೆ ಮನಸ್ಸಿಟ್ಟು ಏನಾದ್ರೂ ಮಾಡಿದ್ರೆ ವರ್ಷಗಟ್ಟಲೆ ನೆನಪಿಟ್ಕೋತಾರೆ. ಏನು ಕೊಡ್ಲಿ?"

ಅಂಗಡಿಗೆ ಹೋಗ್ಬೇಡಿ, ಅಟ್ಟ ಹತ್ತಿ. ನಿಜವಾಗ್ಲೂ ಹೇಳ್ತಿದೀನಿ. ಅವರ ತಲೆಮಾರಿನ ಮನೆಗಳಲ್ಲಿ ಎಲ್ಲೋ ಒಂದು ಡಬ್ಬದಲ್ಲಿ ಹಳೇ ಕ್ಯಾಸೆಟ್ ಇದ್ದೇ ಇರುತ್ತೆ, ಯಾರದೋ ಮದುವೆಗೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿರೋದು. ನಮ್ಮ ಸೋದರಮಾವನ ಷಷ್ಟ್ಯಬ್ದಿಗೆ ನಾನು ಕೊಟ್ಟಿದ್ದು ಅದನ್ನೇ, ಅಜ್ಜಿ ಹಸೆ ಹಾಡು ಹೇಳಿರೋ ಕ್ಯಾಸೆಟ್ ಚಿಕ್ಕಮ್ಮನ ಮನೇಲಿತ್ತು, ಅದನ್ನ ಕಂಪ್ಯೂಟರಿಗೆ ಇಳಿಸಿ ಕೊಟ್ಟೆ. ಮಾವನಿಗೆ ಫ್ಯಾಕ್ಟರಿ ಇದೆ, ಕಾರುಗಳಿದಾವೆ, ಅವರ ಅಮ್ಮನ ದನಿ ಮಾತ್ರ ಇರ್ಲಿಲ್ಲ.

ಸಿಕ್ಕಿದ ತಕ್ಷಣ ಹಾಕಿ ಕೇಳೋಕೆ ಹೋಗ್ಬೇಡಿ. ಮೊದ್ಲು ಕ್ಯಾಸೆಟ್ಟಿನ ಬೆನ್ನಿನ ಕಡೆ ಎರಡು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತಲ್ಲ, ಅದನ್ನ ಮುರೀರಿ, ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಅಳಿಸಿಹೋಗಲ್ಲ. ಆಮೇಲೆ ಕಿಟಕಿಯೊಳಗೆ ಟೇಪಿನ ಸುರುಳಿ ನೋಡಿ, ಬಿಳಿ ಪುಡಿ ಥರ ಕಂಡ್ರೆ ಬೂಷ್ಟು, ಮಲೆನಾಡಿನ ಮನೆಗಳಲ್ಲಿ ಇದು ಮಾಮೂಲು. ಬೂಷ್ಟು ಇದ್ರೆ ನೀವು ಪ್ಲೇ ಮಾಡ್ಬೇಡಿ, ಅದು ಪ್ಲೇಯರ್ ಹೆಡ್ಡಿಗೆ ಮೆತ್ಕೊಂಡು ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತೆ, ಈ ಕೆಲಸ ಗೊತ್ತಿರೋ ಸ್ಟುಡಿಯೋದವರಿಗೆ ಕೊಡಿ.

ಇನ್ನೊಂದು, ಟೇಪಿನ ಹಿಂದೆ ಒಂದು ಪುಟ್ಟ ಮೆತ್ತೆ ಇರುತ್ತೆ, ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋದು ಅದೇ. ಅಂಟು ಒಣಗಿ ಉದುರಿಹೋಗಿದ್ರೆ ದನಿ ಮಂಕಾಗಿ ಮಧ್ಯ ಮಧ್ಯ ಮಾಯ ಆಗುತ್ತೆ, ಎಲ್ರೂ ಟೇಪೇ ಹಾಳಾಗಿದೆ ಅನ್ಕೊಂಡು ಎಸೀತಾರೆ. ನಮ್ಮದೂ ಹಾಗೇ ಆಗಿತ್ತು. ಬೇಡದ ಯಾವ್ದೋ ಸ್ಕ್ರೂ ಇರೋ ಕ್ಯಾಸೆಟ್ ಬಿಚ್ಚಿ, ಅದರ ಡಬ್ಬಿಗೆ ನಮ್ಮ ಸುರುಳಿಗಳನ್ನ ಕೂರಿಸಿದ್ಮೇಲೆ ಅಜ್ಜಿ ದನಿ ಸ್ಪಷ್ಟವಾಗಿ ಬಂತು.

ಪ್ಲೇಯರ್ ಒಳ್ಳೇದು ಯಾರ ಹತ್ರ ಇದ್ಯೋ ಕೇಳಿ ತಗೊಳ್ಳಿ, ಆನ್‌ಲೈನಲ್ಲಿ ಸಿಗೋ ಅಗ್ಗದ ಯುಎಸ್‌ಬಿ ವಾಕ್‌ಮನ್‌ಗಳಲ್ಲಿ ಸ್ಪೀಡ್ ಒಂದೇ ಸಮ ಇರಲ್ಲ, ಹಾಡು ಅಲುಗಾಡಿದ ಹಾಗೆ ಕೇಳುತ್ತೆ. ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡೀಲಿ ಒರೆಸಿ, ಟೇಪನ್ನ ಒಂದ್ಸಲ ಪೂರ್ತಿ ಮುಂದಕ್ಕೆ ಓಡಿಸಿ ವಾಪಸ್ ತನ್ನಿ, ವರ್ಷಗಟ್ಟಲೆ ಅಂಟ್ಕೊಂಡಿರೋ ಪದರ ಸಡಿಲ ಆಗುತ್ತೆ. ಪ್ಲೇಯರಿನ ವೈರನ್ನ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಗಿಸ್ಬೇಡಿ, ದನಿ ಒಡೆಯುತ್ತೆ, ಲೈನ್-ಇನ್ ಇರೋ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತಗೊಳ್ಳಿ, ಪ್ಲೇಯರಿನ ದನೀನ ಲ್ಯಾಪ್‌ಟಾಪಿಗೆ ದಾಟಿಸೋ ಡಬ್ಬಿ ಅದು. ಸಾಫ್ಟ್‌ವೇರ್ Audacity ಸಾಕು, ಫ್ರೀ. ಅತಿ ಜೋರು ಬರೋ ಕಡೆ ಮೀಟರ್ -6 dB ದಾಟದ ಹಾಗೆ ಇಟ್ಟು WAV ಆಗಿ ಉಳಿಸಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಕೂರಲೇಬೇಕು, ಶಾರ್ಟ್‌ಕಟ್ ಇಲ್ಲ.

ಗರಗರ ಸದ್ದು ತೆಗೆಯೋ ಫಿಲ್ಟರ್ ಜಾಸ್ತಿ ಹಾಕ್ಬೇಡಿ, ನೀರೊಳಗಿಂದ ಹಾಡಿದ ಹಾಗಾಗುತ್ತೆ. ನಮ್ಮದ್ರಲ್ಲಿ ಹಾಡಿನ ಮಧ್ಯೆ ಯಾರೋ "ಏ, ಕಾಫಿ ಆಯ್ತೇನೇ" ಅಂತ ಕೂಗ್ತಾರೆ, ಒಂದು ಮಗು ಅಳುತ್ತೆ, ಅದನ್ನೆಲ್ಲ ಹಾಗೇ ಬಿಟ್ಟೆ. ಮಾವ ಹಾಡಿಗಿಂತ ಜಾಸ್ತಿ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದ್ರು, "ಅದು ನಮ್ಮ ಅತ್ತಿಗೆ ಕಣೋ" ಅಂತ.

ಹಾಡಿನ ಸಾಹಿತ್ಯ ಚಿಕ್ಕಮ್ಮನನ್ನ ಕೂರಿಸ್ಕೊಂಡು ಬರೆದೆ, ಅರ್ಧ ಪದ ನನಗೆ ಕೇಳಿಸ್ತಾನೇ ಇರ್ಲಿಲ್ಲ. ಅದನ್ನ ಕೈಯಲ್ಲೇ ಬರ್ದು ಕೊಡಿ, ಫ್ರೇಮ್ ಗೀಮ್ ಬೇಡ. ಹಾಡುಗಳನ್ನ ಎಂಪಿ3 ಮಾಡಿ ಕಾರಲ್ಲಿ ಓಡೋ ಪೆನ್‌ಡ್ರೈವಿಗೆ ಹಾಕಿ, ಯಾಕಂದ್ರೆ ಈ ವಯಸ್ಸಿನವರು ಕೂತು ಕೇಳೋದು ಕಾರಲ್ಲೇ. ಅವರ ಅಣ್ಣತಮ್ಮ ಅಕ್ಕತಂಗೀರಿಗೂ ಒಂದೊಂದು ಕಾಪಿ ಮಾಡಿ, ಇಲ್ದಿದ್ರೆ ನಿಮ್ಮ ಉಡುಗೊರೆ ಮನೆ ಜಗಳಕ್ಕೆ ಕಾರಣ ಆಗುತ್ತೆ!

ಛತ್ರದಲ್ಲಿ ಎಲ್ಲರ ಮುಂದೆ ಹಾಕ್ಬೇಡಿ, ಅಳು ಬಂದ್ರೆ ಅವರಿಗೆ ಮುಜುಗರ. ಹಿಂದಿನ ದಿನ ಸಂಜೆ ಮನೆಗೆ ಹೋಗಿ ಕೊಡಿ. ಕ್ಯಾಸೆಟ್ಟಲ್ಲಿ ದನಿ ಇರೋರು ಇತ್ತೀಚೆಗೆ ತೀರಿಹೋಗಿದ್ರೆ ಮಾತ್ರ ದೊಡ್ಡಮ್ಮನನ್ನ ಮೊದ್ಲು ಕೇಳಿ.

ಕ್ಯಾಸೆಟ್ಟೇ ಸಿಗ್ಲಿಲ್ಲ ಅಂದ್ರೆ, ದೊಡ್ಡಪ್ಪನ ಜೊತೆ ಬೆಳೆದ ಅಕ್ಕನೋ ಹಳೇ ಸ್ನೇಹಿತನೋ ಯಾರಾದ್ರೂ ಊರಲ್ಲಿರ್ತಾರೆ, ಅವರ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡಲ್ಲಿಟ್ಟು, ಅವರಿಂದ ಒಂದು ಗೇಣು ದೂರ ಇಟ್ಟು, "ಚಿಕ್ಕೋನಿದ್ದಾಗ ಅವನು ಏನು ತರಲೆ ಮಾಡ್ತಿದ್ದ" ಅಂತ ಕೇಳಿ. ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಅಂತ ಸೆಲೆಕ್ಟ್ ಮಾಡಿ ಕಳ್ಸಿ.