ಸಾಹೇಬರಿಗೂ ಒಂದು ಕಾಪಿ ಹಾಕಿದ್ದೇ ತಪ್ಪಾಯ್ತಾ?

ಸಲಹೆಗೆ ಅಂತ ನನ್ನ ಹತ್ತಿರ ಬಂದ ಹುಡುಗನೊಬ್ಬನ ಕಥೆ ಇದು. ಗುರುತು ಸಿಗಬಾರದು ಅಂತ ಊರು, ಕೆಲಸದ ವಿವರ ಸ್ವಲ್ಪ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಸಕಲೇಶಪುರದ ಕಡೆಯ ಹುಡುಗ, ನೆದರ್ಲೆಂಡ್ಸ್‌ನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ರಜೆಗೆ ಬಂದಾಗ ಅವನ ಅಕ್ಕ ಅವನನ್ನು ಹಾಸನಕ್ಕೆ, ನನ್ನ ಹತ್ತಿರ ಕರೆತಂದರು. ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತೆ. "ಅಲ್ಲಿ ಯಾರಿಗೂ ನಾನು ಬೇಡ ಮೇಡಂ, ಬಣ್ಣ ನೋಡಿಯೇ ದೂರ ಇಡ್ತಾರೆ" ಅಂದ. ಅಂಥದ್ದು ಇರುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ಯಾವತ್ತಿನಿಂದ ಹೀಗೆ ಅಂತ ಕೆದಕಿದಾಗ ಮಾತು ಒಂದು ಮೇಲ್‌ಗೆ ಬಂದು ನಿಂತಿತು.

ಕಂಪನಿಯ ಮೇಲ್ ನನಗೆ ತೋರಿಸಬೇಡ, ಯಾರ್‍ಯಾರಿಗೆ ಹೋಯ್ತು ಅಂತ ಮಾತ್ರ ಹಾಳೆ ಮೇಲೆ ಬರಿ ಅಂದೆ. ಬೇರೆ ತಂಡದ ಒಬ್ಬನಿಂದ ಟೆಸ್ಟ್ ವರದಿ ಬೇಕಿತ್ತು. To ಜಾಗದಲ್ಲಿ ಅವನ ಹೆಸರು. Cc ಜಾಗದಲ್ಲಿ ಅವನ ಮ್ಯಾನೇಜರ್, ಇವನ ಮ್ಯಾನೇಜರ್, ಅವರಿಬ್ಬರ ಮೇಲಿನವರು. ಕೇಳುತ್ತಿರುವುದು ಮೊದಲ ಸಲ, ಗಡುವಿಗೆ ಇನ್ನೂ ಮೂರು ದಿನ ಇದೆ. ವರದಿ ಬಂತು, ಜೊತೆಗೆ ಒಂದು ಮಾತೂ ಇರಲಿಲ್ಲ. ಆಮೇಲೆ ಆ ಮನುಷ್ಯ ಕಾಫಿ ಮೆಷಿನ್ ಹತ್ತಿರ ಸಿಕ್ಕರೂ ಮುಖ ತಿರುಗಿಸುತ್ತಿದ್ದ. ವಾರ ಕಳೆದ ಮೇಲೆ ಇವನ ಮ್ಯಾನೇಜರ್ ನೇರವಾಗಿ ಹೇಳಿದರು: "ಇಂಥದ್ದಕ್ಕೆಲ್ಲ ನನ್ನನ್ನು ಸೇರಿಸಬೇಡಿ." ಇವನಿಗೆ ಕೇಳಿಸಿದ್ದು, ನೀನು ಬೇಡ ಅಂತ.

ಯಾಕೆ ಸೇರಿಸಿದೆ ಅಂದರೆ, "ದೊಡ್ಡವರಿಗೆ ತಿಳಿಸದೆ ಮಾಡಿದ ಹಾಗಾಗಬಾರದು ಅಲ್ವಾ?" ನಿಜವೇ. ನಮ್ಮ ಸರ್ಕಾರಿ ಪತ್ರಗಳ ಕೊನೆಯಲ್ಲಿ "ಪ್ರತಿ: ಮಾಹಿತಿಗಾಗಿ" ಅಂತ ಮೇಲಿನವರ ಸಾಲೇ ಇರುತ್ತೆ. ಮದುವೆ ಕಾಗದದಲ್ಲಿ ದೊಡ್ಡಪ್ಪನ ಹೆಸರು ಬಿಟ್ಟರೆ ವರ್ಷಗಟ್ಟಲೆ ಮಾತು ಬಿಡುವವರಿದ್ದಾರೆ. ಇಲ್ಲಿ ಅದು ಮರ್ಯಾದೆ. ಅಲ್ಲಿ, ಅದೂ ಮೊದಲ ಮೇಲ್‌ನಲ್ಲೇ ಎದುರಿನವನ ಮ್ಯಾನೇಜರನ್ನು ಸೇರಿಸಿದರೆ, ಇವನನ್ನು ನಂಬಿ ಕೆಲಸ ಆಗಲ್ಲ, ನೀವೇ ನೋಡಿಕೊಳ್ಳಿ ಅಂತ ದೂರು ಕೊಟ್ಟ ಹಾಗೆ.

ಇದು ಅವನ ತಲೆಗೆ ಹೋಗಲಿಲ್ಲ. ಅವರಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಹಾಗಾಗಿ ಕೇಳಿದೆ: ನಿಮ್ಮ ತೋಟದಲ್ಲಿ ಒಬ್ಬ ಹೆಣ್ಣಾಳಿಗೆ, ತಾನು ಕೊಯ್ದ ಹಣ್ಣಿನ ತೂಕ ಕಡಿಮೆ ಬರೆದಿದ್ದಾರೆ ಅಂತ ಅನ್ನಿಸಿತು. ಅವಳು ಮೇಸ್ತ್ರಿಯನ್ನು ಒಂದು ಮಾತೂ ಕೇಳದೆ, ಸಾಹುಕಾರರು ಜೀಪಿನಿಂದ ಇಳಿದ ತಕ್ಷಣ ಅವರೆದುರಿಗೇ ಮೇಸ್ತ್ರಿಯನ್ನು ಕೇಳಿದರೆ? ಹುಡುಗ ಸುಮ್ಮನಾದ. ಆಮೇಲೆ ಮೆಲ್ಲಗೆ, "ಮೇಸ್ತ್ರಿ ಮತ್ತೆ ಅವಳ ಮುಖ ನೋಡಲ್ಲ" ಅಂದ.

ನಾನು ಕೊಟ್ಟ ಸಲಹೆ ಇಷ್ಟು. ಕೆಲಸ ಯಾರಿಂದ ಆಗಬೇಕೋ ಅವನೊಬ್ಬನಿಗೇ ಬರಿ, ಯಾವತ್ತಿಗೆ, ಯಾತಕ್ಕೆ ಬೇಕು ಅಂತಲೂ ಹೇಳು. ಗಡುವು ಹತ್ತಿರ ಇಲ್ಲದಿದ್ದರೆ ಎರಡು ಕೆಲಸದ ದಿನ ಕಾಯಿ. ಬರದಿದ್ದರೆ ಅವನ ಮೇಜಿನ ಹತ್ತಿರ ಹೋಗು, ಇಲ್ಲ ಫೋನ್ ಮಾಡು. ಆಗಲೂ ಆಗದಿದ್ದರೆ ನಿನ್ನ ಮ್ಯಾನೇಜರ್ ಹತ್ತಿರ ಬೇರೆಯಾಗಿ ಮಾತಾಡು. ಅವರು ಸೇರಿಸು ಅಂದರೆ, "ನಮ್ಮ ಮ್ಯಾನೇಜರನ್ನೂ ಸೇರಿಸುತ್ತಿದ್ದೇನೆ, ಗಡುವು ಅವರೇ ಬದಲಿಸಬೇಕು" ಅಂತ ಮೇಲ್‌ನಲ್ಲೇ ಬರೆದು ಸೇರಿಸು. ಬೇರೆಯವರಿಗೆ ಹೆಸರು ಕಾಣದ ಹಾಗೆ ಕದ್ದು Bcc ಮಾಡಲೇಬೇಡ. ಆ ಗುಟ್ಟಿನ ಮನುಷ್ಯ ಗೊತ್ತಿಲ್ಲದೆ Reply all ಒತ್ತಿದರೆ ಅವನ ಉತ್ತರ ಎಲ್ಲರಿಗೂ ಹೋಗುತ್ತೆ, ಗುಟ್ಟು ಬಯಲು. ಅಪಘಾತದ ಅಪಾಯ, ಹಣದ ಮಂಜೂರಾತಿ, ಅಥವಾ ಮ್ಯಾನೇಜರೇ ತಿಳಿಸು ಅಂದಿರುವ ವಿಷಯ ಆದರೆ ಇದೆಲ್ಲ ಬಿಟ್ಟು ಮೊದಲೇ ಸೇರಿಸು.

Reply all ಅಭ್ಯಾಸವೂ ಇತ್ತು. ನಲವತ್ತು ಜನರಿಗೆ ಬಂದ ಪ್ರಕಟಣೆಗೆ "ಗಮನಿಸಿದೆ, ಧನ್ಯವಾದ ಸರ್" ಅಂತ ಎಲ್ಲರಿಗೂ ಉತ್ತರ. ಸುಮ್ನೆ ಕೂತರೆ ಅಹಂಕಾರ ಅಂದುಕೊಳ್ಳುತ್ತಾರೆ ಅನ್ನೋ ಭಯ. ಪ್ರಕಟಣೆಗೆ ಉತ್ತರವನ್ನು ಯಾರೂ ಕಾಯುತ್ತಿರುವುದಿಲ್ಲ ಮಾರಾಯ, ಧನ್ಯವಾದ ಹೇಳಲೇಬೇಕು ಅನ್ನಿಸಿದರೆ ಕಳಿಸಿದವರೊಬ್ಬರಿಗೆ ಹೇಳು ಅಂದೆ.

ಆರು ವಾರದ ಮೇಲೆ ವಿಡಿಯೋದಲ್ಲಿ ಸಿಕ್ಕಾಗ ಇನ್ನೊಂದು ತುದಿಗೆ ಹೋಗಿದ್ದ. ಹೆದರಿ ಎಲ್ಲದಕ್ಕೂ ಬರೀ Reply. ಐದು ಜನರನ್ನು ಕೇಳಿದ ಪ್ರಶ್ನೆಗೆ ಒಬ್ಬರಿಗೆ ಮಾತ್ರ ಉತ್ತರ ಕೊಟ್ಟ. ಅದು ಕಾಣದೆ ಇನ್ನೊಬ್ಬಳು ಅದೇ ಕೆಲಸ ಅರ್ಧ ದಿನ ಮಾಡಿದ್ದಳು. ತಪ್ಪು ನನ್ನದೂ ಇತ್ತು, ಯಾವಾಗ ಎಲ್ಲರಿಗೂ ಬರೆಯಬೇಕು ಅಂತ ನಾನು ಹೇಳಿರಲಿಲ್ಲ. ಈಗ ಅವನು ಕಳಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾನೆ: ಇದನ್ನು ಓದಿದ ಮೇಲೆ ಪಟ್ಟಿಯಲ್ಲಿರುವವರ ಇವತ್ತಿನ ಕೆಲಸ ಬದಲಾಗುತ್ತಾ? ಹೌದಾದರೆ ಎಲ್ಲರಿಗೂ.

ಆ ವರದಿಯವನ ಹತ್ತಿರ ಹೋಗಿ, ದೂರು ಕೊಡಬೇಕು ಅಂತ ಮಾಡಿದ್ದಲ್ಲ, ನಮ್ಮೂರ ಅಭ್ಯಾಸ ಅಂತ ಹೇಳಿದನಂತೆ. ಅವನು ನಕ್ಕನಾ ಅಂತ ಕೇಳಿದೆ. ಇಲ್ಲ ಮೇಡಂ, "ಸರಿ" ಅಂದ ಅಷ್ಟೇ, ಆದರೆ ಮರುದಿನ ಕಾಫಿ ಮೆಷಿನ್ ಹತ್ತಿರ ಸ್ವಲ್ಪ ಸರಿದು ಜಾಗ ಬಿಟ್ಟ ಅಂದ.