ಫಾರಂ 16ರ ಚಿತ್ರ ಮತ್ತು ಸಂಬಳ ಚೀಟಿಯ ಲೆಕ್ಕ

“2024-25ರ ಫಾರಂ 16ರ ಚಿತ್ರದಲ್ಲಿ ಟಿಡಿಎಸ್ 36,400 ಎಂದು ಕಾಣುತ್ತದೆ. ಬೆಂಗಳೂರಿನ ಕಂಪನಿಯ ಸಂಬಳ ಚೀಟಿಗಳಲ್ಲಿನ ತೆರಿಗೆ ಕೂಡಿದರೆ 38,800 ಬರುತ್ತದೆ. ಯಾವುದು ಸರಿ?”

ಮಾನ್ಯರೆ, ಮಸುಕಾದ ಚಿತ್ರದಲ್ಲಿ 6 ಮತ್ತು 8 ಒಂದೇ ರೀತಿ ಕಾಣುವುದರಿಂದ, ಒಟ್ಟು ಮೊತ್ತವನ್ನು ನೇರವಾಗಿ ನಂಬದೆ, ಭಾಗ ಎ-ಯ ತ್ರೈಮಾಸಿಕ ಕೋಷ್ಟಕದ ನಾಲ್ಕೂ ಸಾಲುಗಳನ್ನು ಕೂಡಿ ನೋಡಿ. ಉದಾಹರಣೆಗೆ ಮೊದಲ ಮೂರರಲ್ಲಿ ತಲಾ 9,000, ಕೊನೆಯದರಲ್ಲಿ 9,400 ಇದ್ದರೆ ಮೊತ್ತ 36,400 ಆಗುತ್ತದೆ. ಆಗ ಓದಿದ್ದು ಸರಿ. ಆ ಕೋಷ್ಟಕದಲ್ಲಿ ಪಾವತಿಸಿದ ಸಂಬಳ, ಕಡಿತವಾದ ತೆರಿಗೆ, ಸರ್ಕಾರಕ್ಕೆ ಜಮೆಯಾದ ತೆರಿಗೆ ಎಂಬ ಬೇರೆ ಬೇರೆ ಕಾಲಂಗಳಿರುತ್ತವೆ; ಕೊನೆಯ ಎರಡು ಹೊಂದಬೇಕು.

ನಿಮ್ಮ ವ್ಯತ್ಯಾಸ 2,400, ಅಂದರೆ ತಿಂಗಳಿಗೆ 200ರಂತೆ ಹನ್ನೆರಡು ತಿಂಗಳು. ಇದು ಬಹುತೇಕ ರಾಜ್ಯದ ವೃತ್ತಿ ತೆರಿಗೆಯೇ ಇರಬೇಕು. ಚೀಟಿಯಲ್ಲಿ ಅದು ಆದಾಯ ತೆರಿಗೆಯ ಪಕ್ಕದಲ್ಲೇ ಬರುತ್ತದೆ, ಆದರೆ ಅದು ಟಿಡಿಎಸ್ ಅಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಭಾಗ ಬಿ-ಯಲ್ಲಿ ಕಡಿತವಾಗಿ ಕಾಣುತ್ತದೆ.

ಸಂಬಳವನ್ನು ಹೋಲಿಸುವಾಗಲೂ ಬ್ಯಾಂಕಿಗೆ ಬಂದ ಹಣವನ್ನಲ್ಲ, ಪಿಎಫ್ ಮುಂತಾದವು ಕಳೆಯುವ ಮೊದಲಿನ ಒಟ್ಟು ಸಂಬಳವನ್ನೇ ಭಾಗ ಬಿ-ಯ ಕಲಂ 17(1)ರ ಮೊತ್ತದೊಂದಿಗೆ ತಾಳೆ ಮಾಡಿ. ಜಮೆಯ ಬಗ್ಗೆ ಅನುಮಾನ ಉಳಿದರೆ, ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯನ್ನು ತೋರಿಸುವ ಆದಾಯ ತೆರಿಗೆ ಇಲಾಖೆಯ ಫಾರಂ 26ಎಎಸ್ ತೆರೆದು ನೋಡಬಹುದು.