ಕಂತು ಕಟ್ಟುವುದು ಮಾರಾಟದಿಂದಲ್ಲ, ಮಿಕ್ಕಿದ್ದರಿಂದ

ಸಂಪಾದಕರೇ,

ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ ನನ್ನದು. ಬ್ಯಾಂಕಿನ ಸಾಲದಲ್ಲಿ ಇನ್ನೂ 20 ಲಕ್ಷ ಅಸಲು ಬಾಕಿ ಇದೆ. 36 ಕಂತುಗಳು ಉಳಿದಿವೆ, ಬಡ್ಡಿ ವರ್ಷಕ್ಕೆ ಶೇ 12, ತಿಂಗಳ ಕಂತು 66,429. ಇದುವರೆಗೆ ಒಂದು ಕಂತನ್ನೂ ತಪ್ಪಿಸಿಲ್ಲ. ನನ್ನ ದೊಡ್ಡ ಗಿರಾಕಿಯ ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸುತ್ತಿರುವುದರಿಂದ ಎರಡು ತಿಂಗಳಿಂದ ಅವರ ಆರ್ಡರ್ ನಿಂತಿದೆ. ತಿಂಗಳಿಗೆ 6 ಲಕ್ಷವಿದ್ದ ಮಾರಾಟ 4.2 ಲಕ್ಷಕ್ಕೆ ಇಳಿದಿದೆ. ಈ ಎರಡು ಕಂತುಗಳನ್ನು ಉಳಿತಾಯ ಕರಗಿಸಿ ಕಟ್ಟಿದೆ, ಮುಂದಿನದಕ್ಕೆ ಹಣವಿಲ್ಲ. ಬ್ಯಾಂಕಿಗೆ ಬರೆದ ಕರಡನ್ನೂ ಲೆಕ್ಕದ ಹಾಳೆಯನ್ನೂ ಜೊತೆಗಿಟ್ಟಿದ್ದೇನೆ. ‘ಮಾರಾಟ ಶೇ 30ರಷ್ಟು ಕುಸಿದಿರುವುದರಿಂದ ಕೆಲವು ತಿಂಗಳು ಕಂತಿನಿಂದ ವಿನಾಯಿತಿ ನೀಡಿ ಸಹಕರಿಸಬೇಕಾಗಿ ವಿನಂತಿ’ ಎಂದು ಬರೆದಿದ್ದೇನೆ. ಇಷ್ಟು ಸಾಕೇ?

— ಹೆಸರು ಬೇಡವೆಂದಿರುವ ಓದುಗರು

ಸಂಪಾದಕರ ಉತ್ತರ

ಸಾಲದು. ನಿಮ್ಮ ಸ್ಥಿತಿ ನಿಮ್ಮ ಪತ್ರಕ್ಕಿಂತ ಎಷ್ಟೋ ಗಟ್ಟಿಯಾಗಿದೆ. ಹಾಗಿದ್ದೂ ಈ ಕರಡನ್ನು ಹಾಗೆಯೇ ಕಳಿಸಿದರೆ ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಕೆಲವು ವರ್ಷ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೆ. ಇಂಥ ಪತ್ರಗಳನ್ನು ಮೇಜಿನ ಆ ಬದಿಯಲ್ಲಿ ಕುಳಿತು ಓದಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು ತಿಳಿದಿರಲಿ. ನಿಮ್ಮ ಪತ್ರವನ್ನು ಕೈಗೆ ತೆಗೆದುಕೊಳ್ಳುವ ಅಧಿಕಾರಿಗೆ ಅದನ್ನು ಒಪ್ಪುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವರು ಒಂದು ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸುತ್ತಾರೆ. ಮೇಲಿನವರು ನಿಮ್ಮನ್ನು ನೋಡಿಲ್ಲ, ನೋಡುವುದೂ ಇಲ್ಲ. ಟಿಪ್ಪಣಿಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು: ಕಂತು ಕಟ್ಟಲು ಏಕೆ ಆಗುತ್ತಿಲ್ಲ, ಇದು ತಾತ್ಕಾಲಿಕ ಎನ್ನಲು ಆಧಾರವೇನು, ಹೊಸ ಕಂತನ್ನು ಯಾವ ಹಣದಿಂದ ಕಟ್ಟುತ್ತಾರೆ. ನಿಮ್ಮ ಪತ್ರದಲ್ಲಿ ಈ ಉತ್ತರಗಳಿದ್ದರೆ ಅಧಿಕಾರಿ ಅವನ್ನೇ ಎತ್ತಿ ಬರೆಯುತ್ತಾರೆ. ಇಲ್ಲದಿದ್ದರೆ ‘ಸಾಲಗಾರರು ವಿನಾಯಿತಿ ಕೋರಿದ್ದಾರೆ’ ಎಂಬ ಒಂದು ಸಾಲು ಮಾತ್ರ ಮೇಲೆ ಹೋಗುತ್ತದೆ.

ಮೊದಲ ಪ್ರಶ್ನೆಯಲ್ಲಿಯೇ ನಿಮ್ಮ ಕರಡು ಎಡವಿದೆ. ಮಾರಾಟ ಶೇ 30 ಇಳಿದರೆ ಇನ್ನೂ ಶೇ 70 ಉಳಿದಿದೆಯಲ್ಲ, ಕಂತಿನಲ್ಲಿ ಶೇ 70 ಕಟ್ಟಲಿ ಎಂದು ಓದಿದವರಿಗೆ ಅನಿಸುವುದು ಸಹಜ. ಆದರೆ ಕಂತು ಮಾರಾಟದಿಂದ ಬರುವುದಿಲ್ಲ, ಎಲ್ಲ ಖರ್ಚು ಕಳೆದು ಮಿಕ್ಕಿದ್ದರಿಂದ ಬರುತ್ತದೆ. ನಿಮ್ಮ ಲೆಕ್ಕದ ಹಾಳೆಯ ಪ್ರಕಾರ ಪ್ರತಿ ನೂರರ ಮಾರಾಟಕ್ಕೆ ಕಾಗದ, ಅಂಟು, ಸಾಗಣೆ ಎಂದು 65 ಹೋಗುತ್ತದೆ. 6 ಲಕ್ಷದ ಮಾರಾಟವಿದ್ದಾಗ ಕೈಗೆ 2,10,000 ಬರುತ್ತಿತ್ತು. ಬಾಡಿಗೆ, ಸಂಬಳ ಮತ್ತು ನೀವು ಮನೆಖರ್ಚಿಗೆ ತೆಗೆಯುವ ಹಣ ಸೇರಿ ಸ್ಥಿರ ಖರ್ಚು 1,20,000. ಅದನ್ನು ಕಳೆದು 90,000 ಮಿಗುತ್ತಿತ್ತು. ಅದರಲ್ಲಿ ಕಂತು ಕಟ್ಟಿ ಇನ್ನಷ್ಟು ಉಳಿಯುತ್ತಿತ್ತು. ಈಗ 4.2 ಲಕ್ಷಕ್ಕೆ ಕೈಗೆ ಬರುವುದು 1,47,000. ಸ್ಥಿರ ಖರ್ಚು ಮಾತ್ರ ಕದಲಿಲ್ಲ. ಮಿಗುವುದು 27,000.

ಮಾರಾಟ ಇಳಿದದ್ದು ಶೇ 30, ಮಿಗತೆ ಇಳಿದದ್ದು ಶೇ 70. ಪತ್ರದ ಎರಡನೆಯ ಪ್ಯಾರಾದಲ್ಲಿ ಇರಬೇಕಾದ ವಾಕ್ಯ ಇದು. ನಾನು ಓದಿದ ಪತ್ರಗಳಲ್ಲಿ ಹೆಚ್ಚಿನವು ಕಷ್ಟವನ್ನು ಹೇಳಿಕೊಳ್ಳುತ್ತಿದ್ದವು, ಈ ಲೆಕ್ಕವನ್ನು ಹೇಳುತ್ತಿರಲಿಲ್ಲ. ಪ್ರಾಮಾಣಿಕರಾದ ಎಷ್ಟೋ ಜನರ ಕೋರಿಕೆ ಅಷ್ಟಕ್ಕೇ ಬಿದ್ದುಹೋಗುವುದನ್ನು ನೋಡಿ ಸಂಕಟಪಟ್ಟಿದ್ದೇನೆ.

ಇದು ತಾತ್ಕಾಲಿಕ ಎಂಬುದಕ್ಕೆ ಆಧಾರ ನಿಮ್ಮ ಮಾತಲ್ಲ, ಕಾಗದ. ಗಿರಾಕಿವಾರು ಮಾರಾಟದ ಪಟ್ಟಿಯನ್ನು ಕಳೆದ 24 ತಿಂಗಳಿಗೆ ತಯಾರಿಸಿ. ದೊಡ್ಡ ಗಿರಾಕಿಯಿಂದ ಬರುತ್ತಿದ್ದ 1.8 ಲಕ್ಷ ಮಾತ್ರ ನಿಂತಿದೆ, ಉಳಿದವರ 4.2 ಲಕ್ಷ ಹಾಗೆಯೇ ಇದೆ ಎಂಬುದು ಆ ಪಟ್ಟಿಯಲ್ಲಿ ಕಣ್ಣಿಗೆ ಕಾಣಬೇಕು. ಎಲ್ಲ ಗಿರಾಕಿಗಳ ಖರೀದಿಯೂ ಸ್ವಲ್ಪ ಸ್ವಲ್ಪ ಇಳಿದಿದ್ದರೆ ಅದು ವ್ಯಾಪಾರದ ಕಾಯಿಲೆ. ಒಬ್ಬರದು ಮಾತ್ರ ನಿಂತಿದ್ದರೆ ಒಂದು ಘಟನೆ. ಬ್ಯಾಂಕು ಹುಡುಕುವುದು ಈ ವ್ಯತ್ಯಾಸವನ್ನೇ. ಆ ಗಿರಾಕಿಯಿಂದ, ಯಂತ್ರದ ಕೆಲಸ ಯಾವ ತಿಂಗಳಿಗೆ ಮುಗಿಯಬಹುದು, ಖರೀದಿ ಮತ್ತೆ ಆರಂಭಿಸುವ ಉದ್ದೇಶವಿದೆಯೇ ಎಂದು ಅವರ ಕಾಗದದ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಿ. ಅವರು ಬರೆದುಕೊಡಲು ಹಿಂಜರಿದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ. ಅವರು ಮರಳುವುದಿಲ್ಲವೆಂದಾದರೆ ಅವಧಿ ವಿಸ್ತರಣೆ ನಿಮ್ಮನ್ನು ಉಳಿಸುವುದಿಲ್ಲ, ಬಡ್ಡಿಯನ್ನು ಬೆಳೆಸುತ್ತದೆ ಅಷ್ಟೇ. ಆಗ ಮಾತಾಡಬೇಕಾದದ್ದು ಸ್ಥಿರ ಖರ್ಚನ್ನು ಕಡಿಮೆ ಮಾಡುವ ಬಗ್ಗೆ ಅಥವಾ ಒಂದು ಯಂತ್ರ ಮಾರಿ ಅಸಲು ಇಳಿಸುವ ಬಗ್ಗೆ.

ಈಗ ಯೋಜನೆ. ‘ಕೆಲವು ತಿಂಗಳು ವಿನಾಯಿತಿ’ ಎಂದು ಕೇಳಬೇಡಿ. ಏನನ್ನೂ ಕಟ್ಟದೆ ಆರು ತಿಂಗಳು ಬಿಟ್ಟರೆ ಬಡ್ಡಿ ಅಸಲಿಗೆ ಸೇರಿ, ತಿಂಗಳಿಗೆ ಶೇ 1ರ ಲೆಕ್ಕದಲ್ಲಿ, ಸಾಲ 21,23,040ಕ್ಕೆ ಏರುತ್ತದೆ. ನಿಮ್ಮ ತಿಂಗಳ ಬಡ್ಡಿ 20,000, ಮಿಗುವುದು 27,000. ಎಂದರೆ ಬಡ್ಡಿ ಕಟ್ಟುವ ಶಕ್ತಿ ನಿಮಗೆ ಈಗಲೂ ಇದೆ. ಅದನ್ನು ಕಟ್ಟುತ್ತೇನೆಂದು ನೀವಾಗಿಯೇ ಹೇಳಿ.

ಮೊದಲ ಆರು ತಿಂಗಳು ಬಡ್ಡಿ ಮಾತ್ರ, ತಿಂಗಳಿಗೆ 20,000. ಮುಂದಿನ ಆರು ತಿಂಗಳು 40,000. ಆ ಹೊತ್ತಿಗೆ ಮಾರಾಟ 5 ಲಕ್ಷಕ್ಕೆ ಬಂದರೆ ಸಾಕು, 55,000 ಮಿಗುತ್ತದೆ. ವರ್ಷದ ಕೊನೆಗೆ ಅಸಲು 18,76,960ಕ್ಕೆ ಇಳಿದಿರುತ್ತದೆ. ಅದನ್ನು 36 ಕಂತುಗಳಿಗೆ ಹಂಚಿದರೆ ತಿಂಗಳಿಗೆ 62,342. ಇದು ನಿಮ್ಮ ಇಂದಿನ ಕಂತಿಗಿಂತ ಕಡಿಮೆ. ಈ ಹಂತಕ್ಕೆ ಮಾರಾಟವನ್ನು 5.6 ಲಕ್ಷವೆಂದಷ್ಟೇ ಹಿಡಿಯಿರಿ, ಹಳೆಯ 6 ಲಕ್ಷವೆಂದಲ್ಲ. ಆಗಲೂ 76,000 ಮಿಗುತ್ತದೆ. ಕಂತು 100 ಆದರೆ ಮಿಗತೆ 120 ಆದರೂ ಇರಲಿ ಎಂಬುದು ಸಾಲ ವಿಭಾಗದಲ್ಲಿ ಬಹಳ ಕಡೆ ಬಳಸುವ ಅಳತೆ. ನಿಮ್ಮ ಮೂರೂ ಹಂತಗಳು ಅದನ್ನು ದಾಟುತ್ತವೆ.

ಒಟ್ಟು 48 ತಿಂಗಳು, ಎಂದರೆ ಅವಧಿ ಒಂದು ವರ್ಷ ಹೆಚ್ಚಾಗುತ್ತದೆ. ಇದಕ್ಕೆ ನೀವು ತೆರುವ ಹೆಚ್ಚುವರಿ ಬಡ್ಡಿ ಸುಮಾರು 2.13 ಲಕ್ಷ. ಇದು ಸಣ್ಣ ಮೊತ್ತವಲ್ಲ, ತಿಳಿದೇ ಒಪ್ಪಿಕೊಳ್ಳಿ. ‘ಬಡ್ಡಿ ಮಾತ್ರ ಕಟ್ಟಿ, ಆದರೆ ಸಾಲ ಮೊದಲಿನ ಅವಧಿಯೊಳಗೇ ತೀರಬೇಕು’ ಎಂದು ಬ್ಯಾಂಕು ಹೇಳಿದರೆ ತಕ್ಷಣ ತಲೆಯಾಡಿಸಬೇಡಿ. ಆರು ತಿಂಗಳ ನಂತರ 20 ಲಕ್ಷವನ್ನು 30 ಕಂತುಗಳಲ್ಲಿ ತೀರಿಸಲು ತಿಂಗಳಿಗೆ 77,496 ಬೇಕು. ಮಿಗುವ 76,000ದಲ್ಲಿ ಅದು ಆಗದು. ಕೇಳುವಾಗ ಹಗುರವಾಗಿ ಕಾಣುವ ಈ ಏರ್ಪಾಡು ಏಳನೆಯ ತಿಂಗಳಿಗೆ ಕುತ್ತಿಗೆಗೆ ಬರುತ್ತದೆ.

ಪತ್ರವನ್ನು ಹೀಗೆ ಬರೆಯಬಹುದು:

‘ಮಾನ್ಯರೇ, ನನ್ನ ಸಾಲ ಖಾತೆಯ ಕಂತುಗಳನ್ನು ಇಂದಿನವರೆಗೆ ತಪ್ಪದೆ ಪಾವತಿಸಿದ್ದೇನೆ. ಬಾಕಿ ಅಸಲು 20,00,000. ಈ ಸಾಲದ ಮರುಪಾವತಿ ವೇಳಾಪಟ್ಟಿಯನ್ನು ಕೆಳಗಿನಂತೆ ಬದಲಿಸಿಕೊಡಬೇಕೆಂದು ಕೋರುತ್ತೇನೆ.

ನನ್ನ ಪ್ರಮುಖ ಗಿರಾಕಿಯ ಕಾರ್ಖಾನೆಯಲ್ಲಿ ಯಂತ್ರ ಬದಲಾವಣೆ ನಡೆದಿರುವುದರಿಂದ ಎರಡು ತಿಂಗಳಿಂದ ಅವರ ಖರೀದಿ ನಿಂತಿದೆ. ಮಾರಾಟ 6 ಲಕ್ಷದಿಂದ 4.2 ಲಕ್ಷಕ್ಕೆ ಇಳಿದಿದೆ. ಸ್ಥಿರ ಖರ್ಚು ಬದಲಾಗದ ಕಾರಣ ಕಂತಿಗೆ ದೊರೆಯುವ ಮಿಗತೆ 90,000ದಿಂದ 27,000ಕ್ಕೆ ಇಳಿದಿದೆ. ಉಳಿದ ಗಿರಾಕಿಗಳ ಖರೀದಿ ಇಳಿದಿಲ್ಲ. ಗಿರಾಕಿವಾರು ಮಾರಾಟ ಪಟ್ಟಿಯನ್ನೂ ಗಿರಾಕಿಯ ಪತ್ರವನ್ನೂ ಲಗತ್ತಿಸಿದ್ದೇನೆ.

1ರಿಂದ 6ನೇ ತಿಂಗಳವರೆಗೆ ಬಡ್ಡಿ 20,000. 7ರಿಂದ 12ನೇ ತಿಂಗಳವರೆಗೆ 40,000. 13ರಿಂದ 48ನೇ ತಿಂಗಳವರೆಗೆ 62,342 ಪಾವತಿಸುತ್ತೇನೆ. ಬಡ್ಡಿ ದರದಲ್ಲಾಗಲಿ ಅಸಲಿನಲ್ಲಾಗಲಿ ರಿಯಾಯಿತಿ ಕೇಳುತ್ತಿಲ್ಲ. ಮೊದಲ ಹನ್ನೆರಡು ತಿಂಗಳು ಮನೆಖರ್ಚಿಗೆ ಈಗಿನದಕ್ಕಿಂತ ಹೆಚ್ಚು ತೆಗೆಯುವುದಿಲ್ಲ, ಹೊಸ ಸಾಲ ಮಾಡುವುದಿಲ್ಲ, ಪ್ರತಿ ತಿಂಗಳು ಮಾರಾಟದ ವಿವರ ಸಲ್ಲಿಸುತ್ತೇನೆ. ಮಾರಾಟ ನಿರೀಕ್ಷೆಗಿಂತ ಬೇಗ ಚೇತರಿಸಿದರೆ ಹೆಚ್ಚುವರಿ ಹಣವನ್ನು ಅಸಲಿಗೆ ಕಟ್ಟುತ್ತೇನೆ. ಅದಕ್ಕೆ ದಂಡಶುಲ್ಕ ವಿಧಿಸಬಾರದೆಂದು ವಿನಂತಿ.’

‘ರಿಯಾಯಿತಿ ಕೇಳುತ್ತಿಲ್ಲ’ ಎಂಬ ಮಾತನ್ನು ಬಿಡಬೇಡಿ. ಟಿಪ್ಪಣಿ ಬರೆಯುವವರ ಹೊರೆ ಅದರಿಂದ ಅರ್ಧ ಇಳಿಯುತ್ತದೆ. ಆದರೆ ಮಾಡಲಾಗದ ಯಾವ ಭರವಸೆಯನ್ನೂ ಪತ್ರದಲ್ಲಿ ಹಾಕಬೇಡಿ.

ಪತ್ರವನ್ನು ಮುಂದಿನ ಕಂತಿನ ದಿನಕ್ಕೆ ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಕಂತು 90 ದಿನ ಬಾಕಿಯಾದ ಸಾಲವನ್ನು ಸುಸ್ತಿಯೆಂದು ವರ್ಗೀಕರಿಸುವುದು ಬ್ಯಾಂಕುಗಳಲ್ಲಿ ವ್ಯಾಪಕ ರೂಢಿ. ಆ ಗೆರೆ ದಾಟಿದ ಮೇಲೆ ಇದೇ ಪತ್ರ ಇದೇ ಲೆಕ್ಕದೊಂದಿಗೆ ಹೋದರೂ ಬೇರೆ ವಿಭಾಗಕ್ಕೆ, ಬೇರೆ ಕಣ್ಣಿಗೆ ಬೀಳುತ್ತದೆ. ಉತ್ತರ ಬರುವವರೆಗೆ ಸುಮ್ಮನೆ ಕೂರಬೇಡಿ. ಕಂತಿನ ದಿನದಂದು ಕನಿಷ್ಠ 20,000ವನ್ನಾದರೂ ಸಾಲದ ಖಾತೆಗೆ ಹಾಕಿ. ಕಂತಿನ ಉಳಿದ ಭಾಗ ಬಾಕಿಯೆಂದೇ ಎಣಿಕೆಯಾಗುತ್ತದೆ ನಿಜ, ಆದರೂ ನೀವು ಹೇಳಿದ್ದನ್ನು ಮಾಡುವವರು ಎಂಬುದಕ್ಕೆ ಖಾತೆಯೇ ಸಾಕ್ಷಿಯಾಗುತ್ತದೆ. ಮಾರಾಟದ ಹಣವನ್ನು ಬೇರೆ ಬ್ಯಾಂಕಿನ ಖಾತೆಗೆ ತಿರುಗಿಸುವ ತಪ್ಪನ್ನಂತೂ ಮಾಡಲೇಬೇಡಿ. ಅದು ಬೇಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಯಾವ ಲೆಕ್ಕವನ್ನೂ ನಂಬುವುದಿಲ್ಲ.

ಜಾಮೀನುದಾರರಿದ್ದರೆ ಅವರಿಗೆ ಈಗಲೇ ತಿಳಿಸಿ. ಅವಧಿ ಬದಲಾದಾಗ ಬ್ಯಾಂಕು ಅವರ ಸಹಿಯನ್ನೂ ಕೇಳಬಹುದು; ಸುದ್ದಿ ಅವರಿಗೆ ನಿಮ್ಮಿಂದಲೇ ತಲುಪುವುದು ನ್ಯಾಯ. ಮರುಹೊಂದಾಣಿಕೆಯಾದ ಸಾಲ ಎಂಬ ಗುರುತು ನಿಮ್ಮ ಸಾಲದ ದಾಖಲೆಯಲ್ಲಿ ಉಳಿಯುತ್ತದೆಯೇ ಎಂಬುದನ್ನೂ ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ. ಉಳಿಯುವುದಾದರೆ ಮುಂದೆ ಕೆಲವು ವರ್ಷ ಹೊಸ ಸಾಲ ಸಿಗುವುದು ಕಷ್ಟವಾಗಬಹುದು.

ಮಂಜೂರಾತಿ ಪತ್ರ ಬಂದಾಗ ಹೊಸ ಕಂತಿನ ಮೊದಲ ದಿನಾಂಕ ಯಾವುದೆಂದು ನೋಡಿ, ಬಡ್ಡಿ ದರದ ಸಾಲನ್ನು ಹಳೆಯ ಪತ್ರದ ಜೊತೆಗಿಟ್ಟು ಓದಿ. ಬಳಿಕ ನಿಮ್ಮ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಆದೇಶವನ್ನು ಬದಲಿಸಲು ಅದೇ ದಿನ ಬರೆದುಕೊಡಿ. ಯೋಜನೆ ಒಪ್ಪಿಗೆಯಾದರೂ ಹಳೆಯ ಆದೇಶ ಹಾಗೆಯೇ ಉಳಿದರೆ, ತಿಂಗಳ ದಿನ ಬಂದ ಕೂಡಲೇ ಅದು 66,429ನ್ನೇ ಎಳೆಯಲು ನೋಡುತ್ತದೆ. ಹಣ ಸಾಲದೆ ಕಂತು ವಾಪಸಾಗಿ, ಇದುವರೆಗೆ ಒಂದೂ ತಪ್ಪದ ನಿಮ್ಮ ಖಾತೆಯಲ್ಲಿ ಮೊದಲ ತಪ್ಪು ಬ್ಯಾಂಕಿನ ಒಪ್ಪಿಗೆ ಸಿಕ್ಕ ತಿಂಗಳಲ್ಲೇ ದಾಖಲಾಗುತ್ತದೆ.